ಮೂಟೆಯ ಲೆಕ್ಕ ಸಾಕು, ಬೀಜದ ಲೆಕ್ಕ ಬೇಕು: ಕಾಫಿ ಬೆಳೆಗಾರರ ಸಂಘಗಳಿಗೆ ಒಂದು ಬಹಿರಂಗ ಪತ್ರ

ಕೊಡಗು, ಚಿಕ್ಕಮಗಳೂರು, ಹಾಸನ ಜಿಲ್ಲೆಗಳ ಕಾಫಿ ಬೆಳೆಗಾರರ ಸಂಘಗಳ ಪದಾಧಿಕಾರಿಗಳಿಗೆ ಮತ್ತು ಕಣದಲ್ಲಿ ಚೆರ್ರಿ ಒಣಗಿಸಿ ಮೂಟೆಯಲ್ಲೇ ಮಾರುವ ಎಲ್ಲ ಸಣ್ಣ ಬೆಳೆಗಾರರಿಗೆ,

ಮಾನ್ಯರೇ,

ಕಾಫಿ ಬೆಳೆಯುವ ಖರ್ಚಿನ ಮಾತು ಬಂದಾಗಲೆಲ್ಲ ನಮ್ಮ ಸಭೆಗಳಲ್ಲಿ ಮೂರು ಬಗೆಯ ಅಂಕಿ ಕೇಳಿಬರುತ್ತವೆ. ಒಬ್ಬರು ಎಕರೆಗೆ ಇಷ್ಟಾಯಿತು ಅನ್ನುತ್ತಾರೆ. ಇನ್ನೊಬ್ಬರು ಮೂಟೆಗೆ ಇಷ್ಟು ಬಿತ್ತು ಅನ್ನುತ್ತಾರೆ. ಮತ್ತೊಬ್ಬರು ಕುಯ್ಲಿನ ಕೂಲಿಯೊಂದನ್ನೇ ಹಿಡಿದು ಕಿಲೋಗೆ ಇಷ್ಟು ಎಂದುಬಿಡುತ್ತಾರೆ. ಮೂವರೂ ಸುಳ್ಳು ಹೇಳುತ್ತಿಲ್ಲ. ಆದರೆ ಮೂರು ಅಂಕಿಗಳನ್ನು ಅಕ್ಕಪಕ್ಕ ಇಟ್ಟು ನೋಡಲು ಬರುವುದಿಲ್ಲ. ಪೇಟೆಯಲ್ಲಿ ಕೊನೆಗೆ ಬೆಲೆ ಕಟ್ಟುವುದು ಸಿಪ್ಪೆ ತೆಗೆದ ಬೀಜಕ್ಕೆ. ನಮ್ಮ ಖರ್ಚನ್ನೂ ಆ ಬೀಜದ ಕಿಲೋಗೇ ತಂದು ನಿಲ್ಲಿಸದಿದ್ದರೆ, ಲಾಭ ಬಂತೋ ನಷ್ಟ ಆಯಿತೋ ಎಂಬುದು ಊಹೆಯ ಮಾತಾಗಿ ಉಳಿಯುತ್ತದೆ.

ಹಿಂದೆ ಬೆಳೆಯನ್ನು ಕಾಫಿ ಮಂಡಳಿಗೇ ಒಪ್ಪಿಸುವ ಪೂಲ್ ಪದ್ಧತಿ ಇದ್ದ ಕಾಲದಲ್ಲಿ ಕಾಫಿ ಸಿಪ್ಪೆ ಸುಲಿದು ದರ್ಜೆ ಮಾಡುವ ಕ್ಯೂರಿಂಗ್ ವರ್ಕ್ಸ್‌ಗೆ ಹೋಗಿ, ಬೀಜದ ತೂಕ ಮತ್ತು ದರ್ಜೆಯ ಮೇಲೆ ಬೆಳೆಗಾರನಿಗೆ ಹಣ ಬರುತ್ತಿತ್ತು. ತನ್ನ ತೋಟದ ಚೆರ್ರಿ ಎಷ್ಟು ಬೀಜ ಕೊಟ್ಟಿತು ಎಂಬುದು ಅವನಿಗೆ ಕಾಗದದ ಮೇಲೆ ತಿಳಿಯುತ್ತಿತ್ತು. 1990ರ ದಶಕದಲ್ಲಿ ಮಾರಾಟ ಮುಕ್ತವಾದ ಮೇಲೆ ನಾವು ಬಹುಪಾಲು ಜನ ಕಣದ ಬಾಗಿಲಲ್ಲೇ ಮಾರುವುದನ್ನು ರೂಢಿ ಮಾಡಿಕೊಂಡೆವು. ಕೈಗೆ ಬೇಗ ಹಣ ಬರುತ್ತದೆ, ಅದು ಒಳ್ಳೆಯದೇ. ಆದರೆ ಬೀಜದ ತೂಕ ನಮ್ಮ ಕಣ್ಣಿನಿಂದ ಮರೆಯಾಯಿತು. ಈ ಪತ್ರ ಆ ತೂಕದ ಬಗ್ಗೆ.

ರೊಬಸ್ಟಾದ ಒಂದು ಉದಾಹರಣೆ ಹಿಡಿದು ಮಾತಾಡುತ್ತೇನೆ. ದರಗಳು ಲೆಕ್ಕಕ್ಕೆಂದು ಹಿಡಿದವು, ನಿಮ್ಮ ತೋಟದ ದರ ಬೇರೆ ಇರಬಹುದು. ಲೆಕ್ಕದ ದಾರಿ ಮಾತ್ರ ಎಲ್ಲರಿಗೂ ಒಂದೇ.

ಐದು ಎಕರೆ ತೋಟ. ಕುಯ್ಲಿನ ದಿನಗಳಲ್ಲಿ ತೂಗಿದ ಒಟ್ಟು ಹಣ್ಣು 10,000 ಕಿಲೋ. ಅದು ಕಣದಲ್ಲಿ ಒಣಗಿ 4,300 ಕಿಲೋ ಚೆರ್ರಿ ಆಯಿತು, ಅಂದರೆ 50 ಕಿಲೋ ಲೆಕ್ಕದಲ್ಲಿ 86 ಮೂಟೆ. ಔಟ್‌ಟರ್ನ್ 26 ಬಂತು, ಅಂದರೆ ಒಂದು ಮೂಟೆ ಚೆರ್ರಿಯಿಂದ 26 ಕಿಲೋ ಬೀಜ. ಒಟ್ಟು 2,236 ಕಿಲೋ. ನೂರು ಕಿಲೋ ಹಣ್ಣು ಕುಯ್ದರೆ ಕೊನೆಗೆ ಉಳಿಯುವುದು ಇಪ್ಪತ್ತೆರಡು ಕಿಲೋಗೆ ತುಸು ಮೇಲೆ. ರೊಬಸ್ಟಾದಲ್ಲಿ ಇದು ಒಪ್ಪಬಹುದಾದ ಅನುಪಾತ. ಅರೇಬಿಕಾವನ್ನು ಪಲ್ಪಿಂಗ್ ಮಾಡಿ ಪಾರ್ಚ್‌ಮೆಂಟ್ ಮಾಡುವವರಿಗೆ ನೂರು ಕಿಲೋ ಹಣ್ಣಿಗೆ ಸುಮಾರು ಹದಿನಾರು ಕಿಲೋ ಬೀಜ ಸಿಗುತ್ತದೆ, ಹಾಗಾಗಿ ಮುಂದೆ ಹೇಳುವ ಮಾತು ಅವರಿಗೆ ಇನ್ನೂ ಬಿಗಿಯಾಗಿ ಅನ್ವಯಿಸುತ್ತದೆ.

ಈಗ ಕುಯ್ಲು. ಮೊದಲ ಸುತ್ತಿನಲ್ಲಿ ಗಿಡ ತುಂಬ ಹಣ್ಣು ಇರುವಾಗ ಕಿಲೋಗೆ 6 ರೂಪಾಯಿ ಗುತ್ತಿಗೆಯಲ್ಲಿ 8,500 ಕಿಲೋ ಬಂತು, 51,000 ರೂಪಾಯಿ. ಎರಡನೇ ಸುತ್ತಿನಲ್ಲಿ ಹಣ್ಣು ತೆಳುವಾಗಿತ್ತು, ಕಿಲೋ ಲೆಕ್ಕಕ್ಕೆ ಯಾರೂ ಒಪ್ಪಲಿಲ್ಲ, ದಿನಗೂಲಿ 500 ರೂಪಾಯಿಯಂತೆ ಮಾಡಿಸಬೇಕಾಯಿತು. ಒಬ್ಬರಿಗೆ ದಿನಕ್ಕೆ 50 ಕಿಲೋ ಬಿದ್ದರೆ ಕಿಲೋಗೆ 10 ರೂಪಾಯಿ, 1,200 ಕಿಲೋಗೆ 12,000. ಕೊನೆಗೆ ನೆಲಕ್ಕೆ ಉದುರಿದ್ದು, ಗಿಡದ ತುದಿಯಲ್ಲಿ ಒಣಗಿ ನಿಂತದ್ದು. ಅದನ್ನು ಆರಿಸಲು ಕೂತರೆ ಒಬ್ಬರಿಗೆ ದಿನಕ್ಕೆ 20 ಕಿಲೋ ಆದರೆ ಹೆಚ್ಚು. 300 ಕಿಲೋಗೆ 7,500 ರೂಪಾಯಿ ಹೋಯಿತು. ಇದರ ಮೇಲೆ ರೈಟರ್ ಸಂಬಳದ ಪಾಲು, ತೋಟದಿಂದ ಕಣಕ್ಕೆ ಟ್ರ್ಯಾಕ್ಟರ್, ಗಿಡದ ಬುಡಕ್ಕೆ ಹಾಸುವ ಪ್ಲಾಸ್ಟಿಕ್, ಚೀಲ, ಎಲ್ಲ ಸೇರಿ 14,500. ಕುಯ್ಲಿನ ಒಟ್ಟು ಖರ್ಚು 85,000 ರೂಪಾಯಿ.

ನಾವು ಸಾಮಾನ್ಯವಾಗಿ ಹೇಳುವುದು "ಕುಯ್ಲಿಗೆ ಕಿಲೋಗೆ ಆರು ರೂಪಾಯಿ" ಎಂದು. ಅದು ಮೊದಲ ಸುತ್ತಿನ ಗುತ್ತಿಗೆ ದರ ಮಾತ್ರ. ಮೂರು ಸುತ್ತೂ ಮೇಲ್ಖರ್ಚೂ ಸೇರಿದರೆ ಹಣ್ಣಿನ ಕಿಲೋಗೆ ಎಂಟೂವರೆ ಆಗುತ್ತದೆ. ಬೀಜದ ಕಿಲೋಗೆ ಅದೇ ಖರ್ಚು 38 ರೂಪಾಯಿ. ಕಾರಣ ಸರಳ: ಒಂದು ಕಿಲೋ ಬೀಜಕ್ಕೆ ನಾಲ್ಕೂವರೆ ಕಿಲೋ ಹಣ್ಣು ಕುಯ್ಯಬೇಕು. ಹಾಗಾಗಿ ಕುಯ್ಲಿನ ದರ ಹಣ್ಣಿನ ಕಿಲೋಗೆ ಒಂದು ರೂಪಾಯಿ ಏರಿದರೆ ಬೀಜದ ಮೇಲೆ ಸುಮಾರು ನಾಲ್ಕೂವರೆ ರೂಪಾಯಿ ಏರುತ್ತದೆ. ಕೂಲಿ ಏರಬಾರದು ಎಂದು ನಾನು ಹೇಳುತ್ತಿಲ್ಲ. ಬಿಸಿಲಲ್ಲಿ, ಇಳಿಜಾರಿನಲ್ಲಿ, ಕೆಂಪಿರುವೆ ಕಡಿಸಿಕೊಂಡು ಕುಯ್ಯುವವರ ದುಡಿಮೆಗೆ ಆ ದರ ಹೆಚ್ಚಲ್ಲ. ಕೂಲಿಯ ಮಾತುಕತೆಗೆ ಕೂರುವ ಮೊದಲು ಆ ಒಂದು ರೂಪಾಯಿ ನಮ್ಮ ಬೀಜದ ಮೇಲೆ ಎಷ್ಟಾಗಿ ಕೂರುತ್ತದೆ ಎಂದು ನಮಗೆ ಗೊತ್ತಿರಬೇಕು, ಅಷ್ಟೇ.

ಕೊನೆಯ ಸುತ್ತಿನ ಬಗ್ಗೆ ತುಸು ನಿಂತು ಹೇಳಬೇಕು, ಏಕೆಂದರೆ ಅಲ್ಲಿ ಅನೇಕರು ದಾರಿ ತಪ್ಪುತ್ತಾರೆ. ಆ 300 ಕಿಲೋ ಅರ್ಧ ಒಣಗಿಯೇ ಇರುತ್ತದೆ, ಕಣದಲ್ಲಿ 180 ಕಿಲೋ ಚೆರ್ರಿ ಆಗುತ್ತದೆ ಎನ್ನೋಣ. ಆದರೆ ಅದರಲ್ಲಿ ಜೊಳ್ಳು, ಕಪ್ಪು, ಕೊರಕ ಬಿದ್ದದ್ದು ಹೆಚ್ಚು. ಔಟ್‌ಟರ್ನ್ 22 ಬಂದರೆ ಬೀಜ 79 ಕಿಲೋ. ಆರಿಸಿದ ಕೂಲಿಯೇ ಬೀಜದ ಕಿಲೋಗೆ 95 ರೂಪಾಯಿ. ಇದನ್ನು ನೋಡಿ "ಕಿಲೋಗೆ ತೊಂಬತ್ತೈದು ಕುಯ್ಲಿಗೇ ಹೋದರೆ ಯಾರಿಗೆ ಬೇಕು" ಎಂದು ಬಿಟ್ಟುಬಿಡುವವರಿದ್ದಾರೆ. ಆ ತೀರ್ಮಾನ ಸರಿಯಲ್ಲ. ಗೊಬ್ಬರ, ಕಳೆ, ನೀರು ಇವುಗಳ ಖರ್ಚು ಆಗಲೇ ಆಗಿಹೋಗಿದೆ, ಆ ಕಾಯಿಯನ್ನು ಆರಿಸಿದರೂ ಬಿಟ್ಟರೂ ಅದು ವಾಪಸು ಬರುವುದಿಲ್ಲ. ಇಲ್ಲಿ ತೂಗಿ ನೋಡಬೇಕಾದದ್ದು ಮುಂದೆ ಆಗುವ ಖರ್ಚು ಮಾತ್ರ: ಆರಿಸುವ ಕೂಲಿ, ಅದರ ಪಾಲಿನ ಕಣದ ಕೆಲಸ, ಕ್ಯೂರಿಂಗ್. ಎಲ್ಲ ಸೇರಿ ಕಿಲೋಗೆ 115ರಿಂದ 120 ರೂಪಾಯಿ ಆದರೆ, ಆ ಕೀಳು ದರ್ಜೆಯ ಬೀಜ ಅದಕ್ಕಿಂತ ಮೇಲಿನ ಬೆಲೆಗೆ ಹೋಗುತ್ತದೆಯೇ ಎಂಬುದಷ್ಟೇ ಪ್ರಶ್ನೆ. ಅದಕ್ಕಿಂತ ಕೆಳಗೆ ಹೋದರೂ ನಾನು ಆರಿಸಿಯೇ ತೀರುತ್ತೇನೆ. ಉಳಿದ ಕಾಯಿಯೇ ಕಾಯಿಕೊರಕಕ್ಕೆ ಮುಂದಿನ ಬೆಳೆಯ ತನಕ ಮನೆ. ಬೆಲೆ ಸಾಲದಷ್ಟು ಭಾಗವನ್ನು ಕುಯ್ಲಿನ ಖಾತೆಗೆ ಬರೆಯದೆ, ಮುಂದಿನ ವರ್ಷದ ಕೀಟ ನಿರ್ವಹಣೆಯ ಖಾತೆಗೆ ಬರೆಯುತ್ತೇನೆ. ಅದರ ಜಾಗ ಅಲ್ಲಿಯೇ.

ಮೆಣಸು ಇರುವ ತೋಟದವರು ಇನ್ನೊಂದು ಎಚ್ಚರ ವಹಿಸಬೇಕು. ರೊಬಸ್ಟಾದ ಕೊನೆಯ ಸುತ್ತೂ ಮೆಣಸಿನ ಕುಯ್ಲೂ ಒಂದರ ಮೇಲೊಂದು ಬರುತ್ತವೆ, ಆಳುಗಳು ಅವರೇ. ಬೆಳಿಗ್ಗೆ ಕಾಫಿ, ಮಧ್ಯಾಹ್ನ ಏಣಿ. ಹಾಜರಿ ಪುಸ್ತಕದಲ್ಲಿ ಒಂದೇ ಸಾಲಾಗಿ ಬರೆದರೆ ಮೆಣಸಿನ ಕೂಲಿ ಕಾಫಿಯ ಬೆನ್ನೇರುತ್ತದೆ. ಅರ್ಧ ದಿನದ ಲೆಕ್ಕ ಬೇರೆ ಬರೆಯುವುದು ಕಷ್ಟದ ಕೆಲಸವೇನಲ್ಲ.

ಕಣಕ್ಕೆ ಬರೋಣ. ದಿನಕ್ಕೆ ಇಬ್ಬರಂತೆ ಮೂವತ್ತು ದಿನ ಹರಡಿ, ಗಂಟೆಗೊಮ್ಮೆ ಕೈಯಾಡಿಸಿ, ಸಂಜೆ ರಾಶಿ ಮಾಡಿ ಮುಚ್ಚಲು 30,000 ರೂಪಾಯಿ. ಟಾರ್ಪಾಲು, ಗೋಣಿಚೀಲ, ರಾತ್ರಿ ಕಾವಲು ಸೇರಿ 8,000. ಇಲ್ಲಿಯವರೆಗೆ ಎಲ್ಲರೂ ಬರೆಯುತ್ತಾರೆ. ಬಿಟ್ಟುಹೋಗುವುದು ಕಣದ್ದೇ ಖರ್ಚು. ಮೂರು ಲಕ್ಷ ಹಾಕಿ ಸಿಮೆಂಟ್ ಕಣ ಮಾಡಿಸಿದ್ದರೆ, ಇಪ್ಪತ್ತು ವರ್ಷ ಬಾಳುತ್ತದೆ ಎಂದರೆ, ವರ್ಷಕ್ಕೆ 15,000 ರೂಪಾಯಿ ಆ ವರ್ಷದ ಕಾಫಿ ಹೊರಬೇಕು. ಒಣಗಿಸುವ ಖರ್ಚು ಹೀಗೆ 53,000, ಬೀಜದ ಕಿಲೋಗೆ 24 ರೂಪಾಯಿಯ ಹತ್ತಿರ. ಬೆಳೆ ಕಡಿಮೆಯಾದ ವರ್ಷವೂ ಕಣದ ಪಾಲು, ಕಾವಲುಗಾರನ ಕೂಲಿ ಇಳಿಯುವುದಿಲ್ಲ. ಹೂಮಳೆ ಕೈಕೊಟ್ಟ ವರ್ಷ ಕಿಲೋ ಖರ್ಚು ಏರಲು ಇದೂ ಒಂದು ಕಾರಣ.

ಆದರೆ ಕಣದಲ್ಲಿ ಹಣ ಹೋಗುವುದು ಕೂಲಿಗಿಂತ ಹೆಚ್ಚಾಗಿ ತೇವದಲ್ಲಿ. ರೊಬಸ್ಟಾ ಚೆರ್ರಿ ಸುಮಾರು 11 ಶೇಕಡಾ ತೇವಾಂಶಕ್ಕೆ ನಿಲ್ಲಬೇಕು. ಮೇಲಿನ 4,300 ಕಿಲೋ ಆ ತೇವಾಂಶದ್ದು. ಭಯಕ್ಕೆ ಇನ್ನೆರಡು ದಿನ ಬಿಸಿಲಲ್ಲಿ ಬಿಟ್ಟು ಅದು 9ಕ್ಕೆ ಇಳಿದರೆ ತೂಕ 4,205ಕ್ಕೆ ಬರುತ್ತದೆ. ಹೆಚ್ಚುಕಡಿಮೆ ಎರಡು ಮೂಟೆ ಗಾಳಿಗೆ ಹೋಯಿತು, ಬೀಜದ ಲೆಕ್ಕದಲ್ಲಿ 49 ಕಿಲೋ. ಸಾಲದ್ದಕ್ಕೆ ಅತಿಯಾಗಿ ಒಣಗಿದ ಬೀಜ ಸಿಪ್ಪೆ ಸುಲಿಯುವ ಹಲ್ಲರ್‌ನಲ್ಲಿ ಒಡೆದು ನುಚ್ಚಾಗುತ್ತದೆ. ಒಣಗಿಸದೆ 14ರಲ್ಲೇ ಚೀಲ ಕಟ್ಟಿದರೆ ತಕ್ಕಡಿಯಲ್ಲಿ 150 ಕಿಲೋ ಹೆಚ್ಚು ಕಾಣುತ್ತದೆ, ಮೂರು ಮೂಟೆ ಲಾಭ ಅನ್ನಿಸುತ್ತದೆ. ಆ ನೀರಿಗೆ ಕೊಳ್ಳುವವರು ಹಣ ಕೊಡುವುದಿಲ್ಲ, ಗೋದಾಮಿನಲ್ಲಿ ಕೂತರೆ ಬೂಸ್ಟು ಹಿಡಿಯುತ್ತದೆ. ಕೈಮುಷ್ಟಿಯಲ್ಲಿ ಚೆರ್ರಿ ಹಿಡಿದು ಕಿವಿಯ ಬಳಿ ಅಲ್ಲಾಡಿಸಿ, ಒಳಗಿನ ಬೀಜ ಗಲಗಲ ಅಂದರೆ ಒಣಗಿದೆ ಎನ್ನುವುದು ನಮ್ಮ ಹಿರಿಯರ ಪರೀಕ್ಷೆ. ಹಸಿ ಉಳಿದದ್ದನ್ನು ಅದು ಚೆನ್ನಾಗಿಯೇ ಹಿಡಿದುಕೊಡುತ್ತದೆ. ಅತಿ ಒಣಗಿದ್ದನ್ನು ಹಿಡಿಯುವುದಿಲ್ಲ, ಏಕೆಂದರೆ ಅದೂ ಗಲಗಲ ಅನ್ನುತ್ತದೆ. ಅದಕ್ಕೆ ತೇವಾಂಶ ಮೀಟರೇ ಬೇಕು. ಪ್ರತಿಯೊಬ್ಬರೂ ಕೊಳ್ಳಬೇಕಿಲ್ಲ, ಊರಿಗೊಂದು ಸಂಘದಲ್ಲಿದ್ದರೆ ಸಾಕು.

ಈಗ ಇಡೀ ಲೆಕ್ಕ ಕೂಡಿಸುತ್ತೇನೆ. ಗೊಬ್ಬರ, ಸುಣ್ಣ, ಸ್ಪ್ರಿಂಕ್ಲರ್ ಡೀಸೆಲ್, ಕಳೆ, ಕಪಾತು, ನೆರಳು ಕಡಿಸುವುದು, ಬಡ್ಡಿ ಇವೆಲ್ಲ ಎಕರೆಗೆ 70,000ದಂತೆ ಐದು ಎಕರೆಗೆ 3,50,000. ಕುಯ್ಲು 85,000, ಕಣ 53,000. ಚೀಲ ಕಟ್ಟಿ ನಿಲ್ಲಿಸುವ ಹೊತ್ತಿಗೆ 4,88,000 ರೂಪಾಯಿ. 86 ಮೂಟೆಗೆ ಹಂಚಿದರೆ ಮೂಟೆಗೆ ಸುಮಾರು 5,675. ನಮ್ಮಲ್ಲಿ ಹೆಚ್ಚಿನವರ ಲೆಕ್ಕ ಇಲ್ಲಿಗೆ ಮುಗಿಯುತ್ತದೆ.

ಬೀಜದ ತನಕ ಹೋಗಬೇಕಾದರೆ ಇದಕ್ಕೆ ಸಾಗಣೆ ಮತ್ತು ಕ್ಯೂರಿಂಗ್ ಸೇರಿಸಬೇಕು. ಚೆರ್ರಿಯ ಕಿಲೋಗೆ 4 ರೂಪಾಯಿ ಹಿಡಿದರೆ 17,200. ಒಟ್ಟು 5,05,200. ಹೊಟ್ಟು ನಮ್ಮದೇ ಆಗಿ ಉಳಿದರೆ ಅದರಿಂದ ಬಂದ ಹಣ ಕಳೆಯಬೇಕು, ಎರಡು ಟನ್ ಹೊಟ್ಟಿಗೆ ಕಿಲೋಗೆ 3 ರೂಪಾಯಿಯಂತೆ 6,000. ಹೊಟ್ಟು ಮಿಲ್ಲಿನವರಿಗೇ ಎಂಬ ಒಪ್ಪಂದವಿದ್ದರೆ ಇದು ಸೊನ್ನೆ. ಉಳಿದ 4,99,200ನ್ನು 2,236 ಕಿಲೋ ಬೀಜಕ್ಕೆ ಹಂಚಿದರೆ ಕಿಲೋಗೆ 223 ರೂಪಾಯಿ.

ಈ ಅಂಕಿ ಔಟ್‌ಟರ್ನ್‌ಗೆ ಎಷ್ಟು ಕಟ್ಟುಬಿದ್ದಿದೆ ಎಂದು ನೋಡಿ. ಅದೇ ತೋಟ, ಅದೇ ಖರ್ಚು, ಅದೇ 86 ಮೂಟೆ. ಔಟ್‌ಟರ್ನ್ ಮಾತ್ರ 26ರ ಬದಲು 24 ಬಂತು. ಮೂಟೆಯ ಖರ್ಚು ಒಂದು ಪೈಸೆಯೂ ಬದಲಾಗುವುದಿಲ್ಲ, ಅದೇ 5,675. ಬೀಜ ಮಾತ್ರ 2,064 ಕಿಲೋಗೆ ಇಳಿಯುತ್ತದೆ, ಕಿಲೋ ಖರ್ಚು ಸುಮಾರು 242ಕ್ಕೆ ಏರುತ್ತದೆ. ಕಿಲೋಗೆ ಸುಮಾರು ಹತ್ತೊಂಬತ್ತು ರೂಪಾಯಿ ಹೆಚ್ಚಾದರೂ ಮೂಟೆಯ ಲೆಕ್ಕದಲ್ಲಿ ಅದು ಕಾಣುವುದೇ ಇಲ್ಲ. ಮೂಟೆಯ ಲೆಕ್ಕ ಬಿಡಬೇಕು ಎಂದು ನಾನು ಹಟ ಹಿಡಿದಿರುವುದು ಇದಕ್ಕೇ.

ಔಟ್‌ಟರ್ನ್ ಏಕೆ ಇಳಿಯುತ್ತದೆ? ಕಾಯಿ ತುಂಬುವ ಹೊತ್ತಿಗೆ ನೀರು ಸಾಲದೆ ಬೀಜ ಸಣ್ಣಗಾದರೆ ಇಳಿಯುತ್ತದೆ. ಕಾಯಿಕೊರಕ ಬೀಜದ ಒಳಭಾಗ ತಿಂದರೆ ಇಳಿಯುತ್ತದೆ. ಆಳು ಸಿಗುವುದಿಲ್ಲವೆಂದು ಒಂದೇ ಸುತ್ತಿನಲ್ಲಿ ಹಸಿರು ಕಾಯಿಯನ್ನೂ ಹಣ್ಣನ್ನೂ ಸೇರಿಸಿ ಸವರಿದರೆ ಇಳಿಯುತ್ತದೆ, ಏಕೆಂದರೆ ಬಲಿಯದ ಕಾಯಿ ಸಿಪ್ಪೆ ಕೊಡುವಷ್ಟು ಬೀಜ ಕೊಡುವುದಿಲ್ಲ. ಕೊನೆಯದು ನಮ್ಮ ಕೈಯಲ್ಲಿದೆ. ಒಂದು ಸುತ್ತು ಉಳಿಸಿ ಎಂಟು ಹತ್ತು ಸಾವಿರ ಕೂಲಿ ಉಳಿಯಿತು ಎಂದು ಸಂತೋಷಪಡುವವರು, ಆ ಉಳಿತಾಯದ ಎದುರು ಒಂದು ಪಾಯಿಂಟ್ ಔಟ್‌ಟರ್ನ್ ಇಟ್ಟು ನೋಡಲಿ. 86 ಮೂಟೆಗೆ ಒಂದು ಪಾಯಿಂಟ್ ಅಂದರೆ 86 ಕಿಲೋ ಬೀಜ. ಕಿಲೋಗೆ 223 ರೂಪಾಯಿಯ ಖರ್ಚನ್ನೇ ಹಿಡಿದರೂ ಹತ್ತೊಂಬತ್ತು ಸಾವಿರ ದಾಟುತ್ತದೆ.

ದರ್ಜೆಗಳ ವಿಚಾರ ಚಿಕ್ಕದಾಗಿ ಹೇಳಿ ಮುಗಿಸುತ್ತೇನೆ. ಮಿಲ್ಲಿನಿಂದ ಬೀಜ ಒಂಟಿ ಬೀಜದ ಪಿಬಿ, ದಪ್ಪ ಬೀಜದ ಎಬಿ, ಸಣ್ಣ ಬೀಜದ ಸಿ ಎಂದು ಬೇರೆಯಾಗಿ ಬರುತ್ತದೆ, ಕಪ್ಪು ಮತ್ತು ನುಚ್ಚು ಕೊನೆಗೆ. ಎಲ್ಲದಕ್ಕೂ ಸಮವಾಗಿ 223 ಬರೆದರೆ ನುಚ್ಚಿನಲ್ಲಿ ನಷ್ಟ, ಪಿಬಿಯಲ್ಲಿ ಭಾರಿ ಲಾಭ ಎಂಬ ಸುಳ್ಳು ಚಿತ್ರ ಬರುತ್ತದೆ. ಯಾರೂ ನುಚ್ಚಿಗಾಗಿ ತೋಟ ಮಾಡುವುದಿಲ್ಲ. ಅದು ಮಾರಿದ ಹಣವನ್ನು ಹೊಟ್ಟಿನ ಹಾಗೆಯೇ ಒಟ್ಟು ಖರ್ಚಿನಿಂದ ಕಳೆದು, ಉಳಿದದ್ದನ್ನು ಒಳ್ಳೆಯ ಬೀಜಕ್ಕೆ ಹಂಚುವುದು ನ್ಯಾಯ. ಕಪ್ಪು ನುಚ್ಚು 134 ಕಿಲೋ ಇದ್ದು ಕಿಲೋಗೆ 150ರಂತೆ ಹೋದರೆ, ಉಳಿದ 2,102 ಕಿಲೋಗೆ ಬೀಳುವ ಖರ್ಚು 228. ಕೊಳ್ಳುವವರ ಮುಂದೆ ಕೂತಾಗ ನಮ್ಮ ಮನಸ್ಸಿನಲ್ಲಿರಬೇಕಾದ ಅಂಕಿ ಇದು.

ಕಣದ ಮೇಲೆ ಅಕಾಲದ ಮಳೆ ಬಿದ್ದು ಎಂಟು ಮೂಟೆ ಹಾಳಾದರೆ ಅದನ್ನು ಈ ಲೆಕ್ಕದೊಳಗೆ ಕಲಸಬೇಡಿ. ತೇವ ಇಳಿಯುವುದು, ಸಿಪ್ಪೆ ಹೋಗುವುದು ಪ್ರತಿ ವರ್ಷದ ನಷ್ಟ, ಅದು ಕಿಲೋ ಖರ್ಚಿನ ಭಾಗ. ಮಳೆಯದ್ದು ಆ ವರ್ಷದ ನಷ್ಟ, ಬೇರೆ ಸಾಲಿನಲ್ಲಿರಲಿ. ಇಲ್ಲದಿದ್ದರೆ ಹೋದ ವರ್ಷಕ್ಕೂ ಈ ವರ್ಷಕ್ಕೂ ಹೋಲಿಸುವಾಗ ತೋಟದ ಕೆಲಸ ಕೆಟ್ಟಿತೋ ಹವಾಮಾನ ಕೆಟ್ಟಿತೋ ಗೊತ್ತಾಗುವುದಿಲ್ಲ. ಪರಿಹಾರದ ಅರ್ಜಿ ಬರೆಯುವಾಗಲೂ ಆ ಬೇರೆ ಸಾಲೇ ನೆರವಾಗುವುದು.

ಸಂಘಗಳ ಪದಾಧಿಕಾರಿಗಳೇ, ನನ್ನ ಕೋರಿಕೆ ಇಷ್ಟು. ನಿಮ್ಮ ಕಚೇರಿಯಲ್ಲಿ ಒಂದು ತೇವಾಂಶ ಮೀಟರ್, ಒಂದು ಸಣ್ಣ ಸ್ಯಾಂಪಲ್ ಹಲ್ಲರ್, ಗ್ರಾಂ ತೋರಿಸುವ ಒಂದು ತಕ್ಕಡಿ ಇಡಿ. ಬೆಳೆಗಾರ ಮಾರುವ ಮೊದಲು ತಂದ ಮಾದರಿಯನ್ನು ಅವನೆದುರೇ ಸುಲಿದು, ತೂಗಿ, ಔಟ್‌ಟರ್ನ್ ಬರೆದುಕೊಡಿ. ಮಾದರಿ ತೆಗೆಯುವುದರಲ್ಲೇ ಹೆಚ್ಚು ತಪ್ಪಾಗುತ್ತದೆ. ಮೇಲಿನ ಒಂದು ಮೂಟೆಯ ಬಾಯಿಂದ ಬೊಗಸೆ ತುಂಬಿ ತಂದರೆ ಅದು ಆ ಮೂಟೆಯ ಬಾಯಿಯ ಲೆಕ್ಕವಷ್ಟೇ. ಎಲ್ಲ ಮೂಟೆಗಳಿಂದಲೂ ಸ್ವಲ್ಪ ಸ್ವಲ್ಪ ತೆಗೆದು, ಒಂದು ಹಾಳೆಯ ಮೇಲೆ ಸುರಿದು ಬೆರೆಸಿ, ನಾಲ್ಕು ಪಾಲು ಮಾಡಿ, ಎದುರುಬದುರಿನ ಎರಡು ಪಾಲು ಉಳಿಸಿಕೊಂಡು ಮತ್ತೆ ಬೆರೆಸಿ, ಹೀಗೆ ಒಂದು ಕಿಲೋಗೆ ಇಳಿಸಬೇಕು. ಆ ಒಂದು ಕಿಲೋದಲ್ಲಿ 520 ಗ್ರಾಂ ಬೀಜ ಬಂದರೆ ಔಟ್‌ಟರ್ನ್ 26. ತಕ್ಕಡಿ ಇಪ್ಪತ್ತು ಗ್ರಾಂ ತಪ್ಪಿದರೂ ಒಂದು ಪಾಯಿಂಟ್ ತಪ್ಪುತ್ತದೆ, ಅದಕ್ಕೇ ಗ್ರಾಂ ತಕ್ಕಡಿ ಎಂದು ಒತ್ತಿ ಹೇಳುತ್ತಿದ್ದೇನೆ. ತೇವಾಂಶವನ್ನೂ ಅದೇ ಚೀಟಿಯಲ್ಲಿ ಬರೆಯಿರಿ. ಎರಡೂ ಅಂಕಿ ಜೊತೆಗಿಲ್ಲದಿದ್ದರೆ ಆ ಚೀಟಿಗೆ ಬೆಲೆಯಿಲ್ಲ.

ಬೆಳೆಗಾರ ಬಂಧುಗಳೇ, ನಿಮ್ಮಿಂದ ಬೇಕಾದದ್ದು ಮೂರು ತೂಕ: ಕುಯ್ದ ದಿನದ ಹಣ್ಣು, ಚೀಲ ಕಟ್ಟಿದ ದಿನದ ಚೆರ್ರಿ, ಚೀಟಿಯ ಪ್ರಕಾರ ಬೀಜ. ಮೊದಲ ತೂಕ ಕುಯ್ಲಿನವರ ಕೂಲಿಗಾಗಿ ಹೇಗೂ ಪುಸ್ತಕದಲ್ಲಿರುತ್ತದೆ. ಅದರ ಪಕ್ಕಕ್ಕೆ ಉಳಿದೆರಡನ್ನು ಬರೆಯುವ ಜಾಗ ಮಾಡಿಕೊಳ್ಳಿ. ಇಳಿಜಾರಿನ ತೋಟದ ಕಾಫಿ, ಕೆರೆ ಪಕ್ಕದ ತೋಟದ ಕಾಫಿ ಎಂದು ಕಣದಲ್ಲಿ ಬೇರೆ ಬೇರೆ ಹರಡಲು ಆದರೆ ಇನ್ನೂ ಒಳ್ಳೆಯದು. ಯಾವ ತುಂಡು ಜಮೀನು ಔಟ್‌ಟರ್ನ್ ಕೆಡಿಸುತ್ತಿದೆ ಎಂಬುದು ಆಗ ಮಾತ್ರ ತಿಳಿಯುತ್ತದೆ.

ರೊಬಸ್ಟಾ ಕುಯ್ಲು ಜನವರಿಯಲ್ಲಿ ಶುರುವಾಗುತ್ತದೆ. ಮೀಟರು, ಹಲ್ಲರು, ತಕ್ಕಡಿ ಅದಕ್ಕೆ ಮೊದಲು ಸಂಘದ ಕಚೇರಿಗೆ ಬರಬೇಕಾದರೆ ಮುಂದಿನ ಮಹಾಸಭೆಯ ಕಾರ್ಯಸೂಚಿಯಲ್ಲೇ ಈ ವಿಷಯ ಸೇರಬೇಕು. ಸೇರಿಸಿ ಎಂದು ಕೇಳಿಕೊಳ್ಳುತ್ತೇನೆ. ಮೊದಲ ವರ್ಷ ಮಾದರಿಗಳನ್ನು ಬೆರೆಸಿ ತೂಗುವ ಕೆಲಸಕ್ಕೆ ವಾರಕ್ಕೊಂದು ದಿನ ಬಂದು ಕೂರಲು ನಾನು ಸಿದ್ಧ.

ಇಂತಿ,
ಕೊಡಗಿನ ಒಬ್ಬ ರೊಬಸ್ಟಾ ಬೆಳೆಗಾರ